ನೀಲಿ ಇಳಕಲ್ ಸೀರೆಗೆ ಅರಿಶಿನ ಕುಪ್ಪಸ

ಪ್ರಶ್ನೆ: ಕಡುನೀಲಿ ಇಳಕಲ್ ಸೀರೆಗೆ ಹಳದಿ ಖಣದ ಕುಪ್ಪಸ ಹೊಲಿಸಬೇಕೆಂದಿದ್ದೇನೆ. ಮದುವೆ ಮನೆಯಲ್ಲಿ ಅತಿ ಅನ್ನಿಸೀತೇ?
– ಓದುಗರೊಬ್ಬರು, ನಾಗನೂರ

ಉತ್ತರ: ಧೈರ್ಯವಾಗಿ ಹೊಲಿಸಿ. ಸೀರೆ ನೀಲಿ, ಸೆರಗು ಕೆಂಪು, ಕುಪ್ಪಸ ಹಳದಿ. ಬಣ್ಣದ ಚಕ್ರದಲ್ಲಿ ಈ ಮೂರೂ ಸಮಾನ ದೂರದಲ್ಲಿ ಕೂರುವ ತ್ರಿವರ್ಣ ಜೋಡಣೆ. ಕೆಂಪು ತೋಪುತೆನೆ ಸೆರಗಿನಿಂದಾಗಿ ಅದರ ಮುಕ್ಕಾಲು ಕೆಲಸವನ್ನು ನೇಕಾರರೇ ಮುಗಿಸಿದ್ದಾರೆ.

ಅತಿಯಾಗುವುದು ಮೂರೂ ಬಣ್ಣ ಸಮನಾಗಿ ಮುಂದೆ ಬಂದಾಗ. ನಿಮ್ಮಲ್ಲಿ ನೀಲಿ ಯಜಮಾನ, ಕೆಂಪು ಸೆರಗು ಮತ್ತು ಅಂಚಿಗೆ ಸೀಮಿತ, ಹಳದಿ ಕುಪ್ಪಸದಷ್ಟೇ. ಆ ಹಳದಿಯೂ ನಿಂಬೆಯಂತೆ ಕಣ್ಣಿಗೆ ಹೊಡೆಯದೆ, ಅರಿಶಿನ ಅಥವಾ ಸಾಸಿವೆಯ ಗಾಢತೆಯಲ್ಲಿರಲಿ. ಗುಳೇದಗುಡ್ಡದ ಖಣದಲ್ಲಿ ಬುಟ್ಟಾಗಳು ಒತ್ತೊತ್ತಾಗಿರುವುದರಿಂದ ಬಣ್ಣ ತಾನೇ ಸ್ವಲ್ಪ ತಗ್ಗುತ್ತದೆ. ಬುಟ್ಟಾ ಕೆಂಪು ನೂಲಿನದಾದರೆ ಕುಪ್ಪಸ ಸೆರಗಿನೊಂದಿಗೆ ಬೆಸೆದುಕೊಳ್ಳುತ್ತದೆ.

ಹಳದಿ ಬೇಡವೆನಿಸಿದರೆ ಇನ್ನೊಂದು ದಾರಿಯಿದೆ. ನೀಲಿಗೆ ನೇರ ಎದುರಿನದು ಕಿತ್ತಳೆ. ಅದನ್ನು ಬಿಟ್ಟು ಅದರ ಎರಡು ಪಕ್ಕದವುಗಳಾದ ಕೆಂಗಿತ್ತಳೆ ಮತ್ತು ಹಳದಿಗಿತ್ತಳೆಯನ್ನು ತೆಗೆದುಕೊಳ್ಳಿ: ಇಟ್ಟಿಗೆ ಬಣ್ಣದ ಕುಪ್ಪಸ, ಹಳದಿಗಿತ್ತಳೆಯ ಪಾತ್ರಕ್ಕೆ ಬಂಗಾರದ ಒಡವೆ. ಆದರೆ ಸೆರಗು ಕಡುಗೆಂಪಾಗಿದ್ದರೆ ಇಟ್ಟಿಗೆ ಅದರ ಪಕ್ಕದಲ್ಲಿ ಮಾಸಿದಂತೆ ಕಾಣುತ್ತದೆ. ಆಗ ಅರಿಶಿನವೇ ಸರಿ.

ಬಟ್ಟೆ ಕೊಳ್ಳುವಾಗ ಸೀರೆಯನ್ನು ಜೊತೆಗೊಯ್ದು, ಅಂಗಡಿಯ ಹೊರಗೆ ಹಗಲು ಬೆಳಕಿನಲ್ಲಿ ಜೋಡಿಸಿ ಕಣ್ಣು ಕಿರಿದಾಗಿಸಿ ನೋಡಿ. ಮೊದಲು ಕುಪ್ಪಸವೇ ಎದ್ದು ಕಂಡರೆ ಇನ್ನೂ ಗಾಢವಾದ ಖಣ ಕೇಳಿ. ಹಸಿರು ಬಳೆ ತೆಗೆಯಬೇಕಿಲ್ಲ, ಮುಡಿಗೆ ಮಾತ್ರ ಬಿಳಿ ಮಲ್ಲಿಗೆ ಸಾಕು.