ತಾತನ ಹೆಸರಿನಲ್ಲೇ ಉಳಿದ ಹೊಲ: ಪೌತಿ ಖಾತೆ ಮಾಡಿಸುವುದು, ಪಹಣಿ ಓದುವುದು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಯಾವ ಊರಿಗೆ ಹೋದರೂ ತೀರಿಹೋದವರ ಹೆಸರಿನಲ್ಲೇ ಇರುವ ಹೊಲಗಳು ಸಿಗುತ್ತವೆ. ಉಳುಮೆ ಮೊಮ್ಮಕ್ಕಳದು, ಪಹಣಿ ಮಾತ್ರ ತಾತನದು. ಬೆಳೆಸಾಲ, ಬೆಳೆ ವಿಮೆ, ಬರ ಪರಿಹಾರ ಬೇಕಾದಾಗಲೇ ಇದರ ಬಿಸಿ ತಟ್ಟುವುದು. ಇದನ್ನು ಸರಿಪಡಿಸುವ ದಾರಿ ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರು ತೆಗೆದು ವಾರಸುದಾರರ ಹೆಸರು ಸೇರಿಸುವ ಮ್ಯುಟೇಶನ್.

ಒಂದು ಊಹೆಯ ಕುಟುಂಬ ಇಟ್ಟುಕೊಂಡು ನೋಡೋಣ. ಕೊಟ್ಟೂರು ತಾಲ್ಲೂಕಿನ ಒಂದು ಹಳ್ಳಿ. ತಾತ ತನ್ನ ದುಡಿಮೆಯಿಂದ ಕೊಂಡ 6 ಎಕರೆ ಮಳೆಯಾಶ್ರಿತ ಹೊಲ. ಅಜ್ಜಿ ಮೊದಲೇ ತೀರಿಕೊಂಡಿದ್ದರು. ತಾತ 1996ರಲ್ಲಿ ವಿಲ್ ಬರೆಯದೆ ತೀರಿಕೊಂಡರು. ಅವರಿಗೆ ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಹಿರಿಯ ಮಗ 2016ರಲ್ಲಿ ತೀರಿಕೊಂಡಿದ್ದಾರೆ. ಅವರ ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು ಇದ್ದಾರೆ. ಪಹಣಿಯಲ್ಲಿ ಇವತ್ತಿಗೂ ತಾತನ ಹೆಸರೊಂದೇ.

ಮೊದಲ ಕೆಲಸ ಈಗಿನ ಪಹಣಿ ತೆಗೆದು ಓದುವುದು. landrecords.karnataka.gov.in ತಾಣದಲ್ಲಿ View RTC and MR ಎಂಬಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಕೊಟ್ಟರೆ ಪಹಣಿ ಕಾಣುತ್ತದೆ. ಕಚೇರಿಗೆ ಕೊಡಲು ಬೇಕಾದ ಪ್ರತಿಯನ್ನು ನಾಡಕಚೇರಿಯಲ್ಲಿ ಪಡೆಯಬಹುದು. ಪಹಣಿ ತುಂಬ ಕಾಲಂಗಳಿದ್ದರೂ ವಾರಸುದಾರರು ಕಣ್ಣಿಡಬೇಕಾದವು ನಾಲ್ಕು.

3ನೇ ಕಾಲಂ ವಿಸ್ತೀರ್ಣ. ಒಟ್ಟು ವಿಸ್ತೀರ್ಣದಲ್ಲಿ ಪೋಟ್ ಖರಾಬು ಕಳೆದು ಉಳಿದದ್ದು ಸಾಗುವಳಿಗೆ ಸಿಗುವ ಹೊಲ. 'ಅ' ಖರಾಬು ಬಂಡೆ, ಕೊರಕಲಿನಂಥ ಉಳಲಾಗದ ಜಾಗ. 'ಬ' ಖರಾಬು ದಾರಿ, ಹಳ್ಳದಂಥ ಸಾರ್ವಜನಿಕ ಬಳಕೆಯದು. ಪಾಲು ಲೆಕ್ಕ ಹಾಕುವಾಗ 'ಬ' ಖರಾಬನ್ನು ಸೇರಿಸಿಕೊಂಡು ಜಗಳವಾಡುವವರಿದ್ದಾರೆ. ಅದು ಯಾರ ಪಾಲಿಗೂ ಬರುವುದಿಲ್ಲ. ನಮ್ಮ ಭಾಗದವರು ಇನ್ನೊಂದನ್ನೂ ಗಮನಿಸಬೇಕು. ಬಳ್ಳಾರಿ ಸೀಮೆ 1953ರ ತನಕ ಮದ್ರಾಸಿನ ಆಡಳಿತದಲ್ಲಿದ್ದುದರಿಂದ ಹಳೆಯ ಪತ್ರಗಳಲ್ಲಿ ಎಕರೆ-ಸೆಂಟ್ಸ್ ಲೆಕ್ಕವಿದೆ. ಎಕರೆಗೆ 100 ಸೆಂಟ್ಸ್ ಅಥವಾ 40 ಗುಂಟೆ. ಹಾಗಾಗಿ '4-20' ಎಂದು ಬರೆದಿದ್ದರೆ 20 ಸೆಂಟ್ಸೋ ಗುಂಟೆಯೋ ಎಂದು ತಲೆಬರಹ ನೋಡಿ ಖಚಿತಪಡಿಸಿಕೊಳ್ಳಿ. 20 ಗುಂಟೆ ಎಂದರೆ 50 ಸೆಂಟ್ಸ್. ಎರಡನ್ನೂ ಒಂದೇ ಎಂದುಕೊಂಡರೆ 30 ಸೆಂಟ್ಸ್ ಕೈತಪ್ಪುತ್ತದೆ.

9ನೇ ಕಾಲಂನಲ್ಲಿ ಖಾತೆದಾರರ ಹೆಸರು, ಅವರ ವಿಸ್ತೀರ್ಣ, ಖಾತೆ ನಂಬರ್ ಇರುತ್ತವೆ. 10ನೇ ಕಾಲಂ ಆ ಹೆಸರು ಹೇಗೆ ಬಂತು ಎಂಬುದನ್ನು ಹೇಳುತ್ತದೆ: ಕ್ರಯ, ವಿಭಾಗ, ಪೌತಿ, ಮಂಜೂರು, ಜೊತೆಗೆ ಎಂ.ಆರ್. ನಂಬರ್ ಮತ್ತು ವರ್ಷ. ಪಹಣಿಯಲ್ಲಿ ಅತಿ ಬೆಲೆಯುಳ್ಳ ಕಾಲಂ ನನ್ನ ಪ್ರಕಾರ ಇದೇ, ಏಕೆಂದರೆ ಆ ನಂಬರ್ ಹಿಡಿದು ಮ್ಯುಟೇಶನ್ ನಕಲು ತೆಗೆಸಿದರೆ ಯಾರ ಹೆಸರು ಹೋಗಿ ಯಾರದು ಬಂತು, ಯಾವ ದಾಖಲೆಯ ಆಧಾರದ ಮೇಲೆ ಬಂತು ಎಂಬುದೆಲ್ಲ ತಿಳಿಯುತ್ತದೆ. ಹಳೆಯ ಎಂ.ಆರ್. ಹುಡುಕುವಾಗ ಊರು ಆಗ ಯಾವ ತಾಲ್ಲೂಕಿನಲ್ಲಿತ್ತು ಎಂಬುದು ನೆನಪಿರಲಿ. ಕೊಟ್ಟೂರು ಹೊಸ ತಾಲ್ಲೂಕಾಗುವ ಮುನ್ನ ಕೂಡ್ಲಿಗಿಗೆ ಸೇರಿತ್ತು. ಹರಪನಹಳ್ಳಿ 1997ರಿಂದ ಎರಡು ದಶಕ ದಾವಣಗೆರೆ ಜಿಲ್ಲೆಯಲ್ಲಿದ್ದು ಬಳ್ಳಾರಿಗೆ ಮರಳಿತು. ವಿಜಯನಗರ ಜಿಲ್ಲೆ ಆದದ್ದು 2021ರಲ್ಲಿ. ಹಳೆಯ ಪತ್ರದಲ್ಲಿ ಬೇರೆ ಜಿಲ್ಲೆಯ ಹೆಸರು ಕಂಡರೆ ಅದು ತಪ್ಪು ದಾಖಲೆಯಲ್ಲ.

11ನೇ ಕಾಲಂ ಹಕ್ಕು ಮತ್ತು ಋಣ. ತಾತ ಸೊಸೈಟಿಯಲ್ಲೋ ಬ್ಯಾಂಕಿನಲ್ಲೋ ಮಾಡಿದ್ದ ಸಾಲ ಇಲ್ಲಿರುತ್ತದೆ. ಸಾಲ ತೀರಿಸಿದ್ದರೂ ನಮೂದು ತಾನಾಗಿ ಅಳಿಯುವುದಿಲ್ಲ. ಬೇಬಾಕಿ ಪತ್ರ ತಂದು ಅರ್ಜಿ ಕೊಟ್ಟು ತೆಗೆಸಬೇಕು.

ಇನ್ನು ಅರ್ಜಿ. ನಾಡಕಚೇರಿಯಲ್ಲಿ ಅಥವಾ ತಾಲ್ಲೂಕು ಕಚೇರಿಯ ಭೂಮಿ ಕೇಂದ್ರದಲ್ಲಿ ಪಹಣಿ, ಮರಣ ಪ್ರಮಾಣಪತ್ರ, ದೃಢೀಕರಿಸಿದ ವಂಶವೃಕ್ಷ, ವಾರಸುದಾರರ ಆಧಾರ್ ಪ್ರತಿಗಳೊಂದಿಗೆ ಕೊಡಬೇಕು. ನಮ್ಮ ಉದಾಹರಣೆಯಲ್ಲಿ ತಾತನದು, ಹಿರಿಯ ಮಗನದು ಎರಡೂ ಮರಣ ಪತ್ರ ಬೇಕು. ಹೆಚ್ಚಿನ ಅರ್ಜಿ ಮುಗ್ಗರಿಸುವುದು ಇಲ್ಲೇ, ಹಳೆಯ ಸಾವುಗಳು ನೋಂದಣಿಯಾಗಿರುವುದಿಲ್ಲ. ಸಾವಾಗಿ ವರ್ಷ ದಾಟಿದ್ದರೆ ದಂಡಾಧಿಕಾರಿಯ ಆದೇಶ ಬೇಕು. 2023ರ ಕಾನೂನು ತಿದ್ದುಪಡಿಯ ನಂತರ ಆ ಅಧಿಕಾರ ಉಪವಿಭಾಗೀಯ ದಂಡಾಧಿಕಾರಿಗೂ ಇದೆ. ಪಹಣಿಯಲ್ಲಿ ಒಂದು ಹೆಸರು, ಮರಣ ಪತ್ರದಲ್ಲಿ ಇನ್ನೊಂದು ಇದ್ದರೆ ಇಬ್ಬರೂ ಒಬ್ಬರೇ ಎಂಬ ಪ್ರಮಾಣಪತ್ರವನ್ನು ಮೊದಲೇ ಸಿದ್ಧಮಾಡಿಕೊಳ್ಳಿ.

ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಬಿಡುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಇದು ಅನ್ಯಾಯ, ಕಾನೂನಿನಲ್ಲೂ ನಿಲ್ಲುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ತಾತನ ಸ್ವಯಾರ್ಜಿತ 6 ಎಕರೆ ಮೂವರು ಮಕ್ಕಳಿಗೆ ತಲಾ 2 ಎಕರೆ. ಹಿರಿಯ ಮಗನ 2 ಎಕರೆ ಅವರ ಹೆಂಡತಿಗೆ, ಮೂವರು ಮಕ್ಕಳಿಗೆ ತಲಾ 50 ಸೆಂಟ್ಸ್. ಅಂದರೆ ಅರ್ಜಿಯಲ್ಲಿ ಆರು ಹೆಸರು ಇರಲೇಬೇಕು. ಹೊಲ ಪಿತ್ರಾರ್ಜಿತವಾಗಿದ್ದರೆ ಲೆಕ್ಕ ಬೇರೆ. ಅಲ್ಲಿಯೂ 2005ರ ತಿದ್ದುಪಡಿಯಿಂದ ಮಗಳಿಗೆ ಮಗನಷ್ಟೇ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. ಈ ಕಾಯ್ದೆ ಪರಿಶಿಷ್ಟ ಪಂಗಡದವರಿಗೆ ನೇರವಾಗಿ ಅನ್ವಯಿಸುವುದಿಲ್ಲ. ಆದ್ದರಿಂದ ನಮ್ಮ ಭಾಗದಲ್ಲಿ ದೊಡ್ಡ ಸಂಖ್ಯೆಯಲ್ಲಿರುವ ವಾಲ್ಮೀಕಿ ನಾಯಕ ಕುಟುಂಬಗಳು, ಹಾಗೆಯೇ ಮುಸ್ಲಿಂ ಕುಟುಂಬಗಳು, ಪಾಲಿನ ವಿಷಯದಲ್ಲಿ ವಕೀಲರನ್ನು ಕೇಳಿ ಮುಂದುವರಿಯುವುದು ಒಳ್ಳೆಯದು.

ಅಕ್ಕ-ತಂಗಿಯರು ಮನಸಾರೆ ಪಾಲು ಬಿಡುವುದಾದರೆ ಅದಕ್ಕೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದ ಹಕ್ಕು ಬಿಡುಗಡೆ ಪತ್ರ ಬೇಕು. ಛಾಪಾ ಕಾಗದದ ಮೇಲೆ ಹಾಕಿಸಿಕೊಂಡ ಸಹಿಯಿಂದ ಅವರ ಹಕ್ಕು ಹೋಗುವುದಿಲ್ಲ.

ಅರ್ಜಿ ಬಂದ ಮೇಲೆ ಆಸಕ್ತರಿಗೆ ನೋಟಿಸ್ ಹೋಗುತ್ತದೆ, ಪ್ರತಿಯನ್ನು ಚಾವಡಿಯಲ್ಲಿ ಅಂಟಿಸುತ್ತಾರೆ. ತಕರಾರಿಗೆ ಕೊನೆಯ ದಿನ ಯಾವುದೆಂದು ಓದಿ ಬರೆದಿಟ್ಟುಕೊಳ್ಳಿ. ಯಾರೂ ಆಕ್ಷೇಪಿಸದಿದ್ದರೆ ಮ್ಯುಟೇಶನ್ ಪ್ರಮಾಣೀಕರಣವಾಗುತ್ತದೆ. ಲಿಖಿತ ತಕರಾರು ಬಂದರೆ ವಿವಾದಿತ ಪ್ರಕರಣವಾಗಿ ವಿಚಾರಣೆ ನಡೆಯುತ್ತದೆ.

ಆಮೇಲೆ ಹೊಸ ಪಹಣಿ ತೆಗೆದು ನೋಡಿ. 9ನೇ ಕಾಲಂನಲ್ಲಿ ಆರು ಹೆಸರೂ ಇದ್ದು 'ಜಂಟಿ' ಎಂದಿದ್ದರೆ ಸರಿ. ಹೊಲ ಇನ್ನೂ ಹಂಚಿಕೆಯಾಗಿಲ್ಲ, ಯಾರ ಪಾಲು ಯಾವ ಕಡೆಯ ಬದುವಿನ ತನಕ ಎಂಬುದು ಪೌತಿಯಲ್ಲಿ ತೀರ್ಮಾನವಾಗುವುದಿಲ್ಲ. ಅದಕ್ಕೆ ಸರ್ವೆಯವರಿಂದ 11ಇ ನಕ್ಷೆ ಮಾಡಿಸಿ ವಿಭಾಗ ಪತ್ರ ನೋಂದಾಯಿಸಬೇಕು.

ಯಾರದೋ ಹೆಸರು ಬಿಟ್ಟು ಮ್ಯುಟೇಶನ್ ಆಗಿದ್ದರೆ ಅವರು ಸುಮ್ಮನೆ ಕೂರಬೇಕಿಲ್ಲ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 136ನೇ ಕಲಂ ಪ್ರಕಾರ ಆದೇಶ ತಲುಪಿದ ಅಥವಾ ನಮೂದು ತಿಳಿದ ದಿನದಿಂದ 60 ದಿನದೊಳಗೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಪಹಣಿಯ ನಮೂದು ಸರಿ ಎಂದು ಕಾನೂನು ಮೊದಲು ನಂಬುತ್ತದೆ, ಆದರೆ ಅದೊಂದರಿಂದಲೇ ಯಾರಿಗೂ ಒಡೆತನ ಹುಟ್ಟುವುದಿಲ್ಲ, ಯಾರ ಒಡೆತನವೂ ಹೋಗುವುದಿಲ್ಲ. ಹೀಗಾಗಿ ಅವಧಿ ಮೀರಿದ್ದರೂ ಬಿಟ್ಟುಹೋದ ಮಗಳು ಸಿವಿಲ್ ನ್ಯಾಯಾಲಯದಲ್ಲಿ ಪಾಲಿಗೆ ದಾವೆ ಹೂಡಬಹುದು. ಡಿಕ್ರಿ ಬಂದರೆ ಅದರಂತೆ ಪಹಣಿ ತಿದ್ದುತ್ತಾರೆ.