ಕಂಪನಿ ಯಾರಿಗೆಷ್ಟು ಬಾಕಿ?

ವಾಣಿಜ್ಯ ತರಗತಿಯ ಮೊದಲ ವಾರ ನಾನು ಹುಡುಗರನ್ನು ಕೇಳುವ ಪ್ರಶ್ನೆ ಒಂದೇ: ಕಂಪನಿ ಯಾರದು? ಉತ್ತರವೂ ಪ್ರತಿ ವರ್ಷ ಒಂದೇ: ‘ಷೇರುದಾರರದು ಸಾರ್.’ ಆಗ ನಾನು ಬೋರ್ಡಿನ ಮೇಲೆ ಒಂದು ಊದುಬತ್ತಿ ಕಂಪನಿಯ ಲೆಕ್ಕ ಬರೆಯುತ್ತೇನೆ. ಕಂಪನಿ ಕಲ್ಪಿತ, ಲೆಕ್ಕ ಮಾತ್ರ ಎಲ್ಲ ಕಂಪನಿಗಳದೂ ಹೀಗೇ.

ಒಂದು ವರ್ಷದ ಮಾರಾಟ 10 ಕೋಟಿ ರೂಪಾಯಿ. ಬಿದಿರು ಕಡ್ಡಿ, ಇದ್ದಿಲ ಪುಡಿ, ಸುಗಂಧ ಎಣ್ಣೆ ಕೊಟ್ಟವರಿಗೆ 6 ಕೋಟಿ. ಕಡ್ಡಿ ಹೊಸೆದವರು, ಪ್ಯಾಕ್ ಮಾಡಿದವರು, ಆಫೀಸಿನವರ ಸಂಬಳ 2 ಕೋಟಿ. ಕರೆಂಟು, ಬಾಡಿಗೆ, ಲಾರಿ ಬಾಡಿಗೆ ಸೇರಿ 80 ಲಕ್ಷ. ಬ್ಯಾಂಕಿನ ಬಡ್ಡಿ 40 ಲಕ್ಷ. ಉಳಿದದ್ದು 80 ಲಕ್ಷ. ಅದರಲ್ಲಿ ಸುಮಾರು ಕಾಲು ಭಾಗ, ಅಂದರೆ 20 ಲಕ್ಷ, ತೆರಿಗೆ. ಕೊನೆಗೆ ಉಳಿದ 60 ಲಕ್ಷ ಷೇರುದಾರರ ಪಾಲಿನದು. ಹಂಚಿದರೆ ಲಾಭಾಂಶ, ಹಂಚದಿದ್ದರೆ ಕಂಪನಿಯ ಮೀಸಲು ನಿಧಿ.

ಈ ಪಟ್ಟಿಯಲ್ಲಿ ಷೇರುದಾರರು ಎಲ್ಲಿದ್ದಾರೆ ನೋಡಿ. ಕಟ್ಟಕಡೆಯ ಸಾಲಿನಲ್ಲಿ. ಅವರಿಗಿಂತ ಮೇಲಿರುವವರೆಲ್ಲ, ಅಂದರೆ ಕಚ್ಚಾ ಮಾಲು ಕೊಟ್ಟವರು, ಕೆಲಸಗಾರರು, ಬ್ಯಾಂಕು, ಸರ್ಕಾರ, ಇವರ ಜೊತೆಗೆ ಕೊಳ್ಳುವ ಗ್ರಾಹಕರು ಮತ್ತು ಕಾರ್ಖಾನೆಯ ಅಕ್ಕಪಕ್ಕದ ಊರಿನವರು, ಇವರನ್ನೆಲ್ಲ ಒಟ್ಟಾಗಿ ‘ಸ್ಟೇಕ್‌ಹೋಲ್ಡರ್’ ಎನ್ನುತ್ತಾರೆ. ಷೇರುದಾರರೂ ಅವರಲ್ಲಿ ಒಬ್ಬರು. ಪತ್ರಿಕೆಗಳು ಈ ಪದಕ್ಕೆ ಕೆಲವೊಮ್ಮೆ ‘ಪಾಲುದಾರರು’ ಎಂದು ಬರೆಯುವುದುಂಟು. ಆದರೆ ಪಾಲುದಾರ ಎಂದರೆ ಬಂಡವಾಳ ಹಾಕಿದವನು ಎಂದೇ ನಮ್ಮ ಕಿವಿಗೆ ಕೇಳುತ್ತದೆ. ಹಾಗಾಗಿ ನಾನು ‘ಹಿತಾಸಕ್ತರು’ ಎನ್ನುತ್ತೇನೆ: ಕಂಪನಿ ಚೆನ್ನಾಗಿ ನಡೆದರೂ ಕೆಟ್ಟು ಹೋದರೂ ಯಾರಿಗೆ ಅದರ ಬಿಸಿ ತಟ್ಟುತ್ತದೋ ಅವರು.

ಷೇರುದಾರರ ಪರ ವಾದ ಹುಟ್ಟುವುದೇ ಆ ಕೊನೆಯ ಸಾಲಿನಿಂದ. ಮುಂದಿನ ವರ್ಷ ಸುಗಂಧ ಎಣ್ಣೆಯ ಬೆಲೆ ಏರಿ, 6 ಕೋಟಿ ಇದ್ದ ಕಚ್ಚಾ ಮಾಲಿನ ಖರ್ಚು 6 ಕೋಟಿ 80 ಲಕ್ಷವಾಯಿತು ಎನ್ನಿ. ಉಳಿದವರಿಗೆಲ್ಲ ಅವರವರ ದುಡ್ಡು ಸಿಗುತ್ತದೆ, ಷೇರುದಾರರಿಗೆ ಸೊನ್ನೆ. ಎಲ್ಲರ ಬಾಕಿ ತೀರಿದ ಮೇಲೆ ಉಳಿದರೆ ಉಂಟು, ಇಲ್ಲದಿದ್ದರೆ ಇಲ್ಲ ಎನ್ನುವ ಸ್ಥಿತಿಯಲ್ಲಿ ಇರುವವರು ಅವರೇ. ಆದ್ದರಿಂದ ನಿರ್ದೇಶಕರನ್ನು ಆರಿಸುವ ಮತ ಅವರ ಕೈಯಲ್ಲಿರಲಿ, ಆಡಳಿತ ಅವರ ಲಾಭವನ್ನೇ ನೋಡಲಿ. ಉಳಿದವರಿಗೆ ಒಪ್ಪಂದವಿದೆ, ಕಾನೂನಿದೆ. ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1970ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವಾರದ ಸಂಚಿಕೆಯಲ್ಲಿ ಮಂಡಿಸಿದ ಪ್ರಸಿದ್ಧ ವಾದದ ತಿರುಳೂ ಹೆಚ್ಚುಕಡಿಮೆ ಇದೇ. ಮೋಸ, ವಂಚನೆ ಇಲ್ಲದೆ ಆಟದ ನಿಯಮದೊಳಗೆ ಲಾಭ ಮಾಡಬೇಕು ಎಂಬ ಷರತ್ತನ್ನು ಅವರು ಹಾಕಿದ್ದರು. ಅವರ ಹೆಸರು ಹೇಳುವವರು ಈ ಷರತ್ತನ್ನು ಮರೆಯುವುದೇ ಹೆಚ್ಚು.

ವಾದ ಗಟ್ಟಿಯಾಗಿದೆ. ಆದರೆ ಅದರಲ್ಲಿ ಎರಡು ಬಿರುಕುಗಳಿವೆ.

ಮೊದಲನೆಯದು, ಷೇರುದಾರರ ನಷ್ಟಕ್ಕೆ ಒಂದು ತಳವಿದೆ. ನಮ್ಮ ಊದುಬತ್ತಿ ಕಂಪನಿ ಮುಚ್ಚಿತು ಎನ್ನಿ. ಯಂತ್ರ, ಜಾಗ ಎಲ್ಲ ಮಾರಿದರೆ 3 ಕೋಟಿ ಬರುತ್ತದೆ. ಬ್ಯಾಂಕಿಗೆ ಎರಡೂವರೆ ಕೋಟಿ, ಕಾರ್ಮಿಕರಿಗೆ 60 ಲಕ್ಷ, ಕಚ್ಚಾ ಮಾಲು ಕೊಟ್ಟವರಿಗೆ 1 ಕೋಟಿ ಬಾಕಿಯಿದೆ. 2016ರ ದಿವಾಳಿ ಸಂಹಿತೆಯ 53ನೇ ಸೆಕ್ಷನ್ ಹಾಕಿಕೊಟ್ಟ ಸರದಿಯಲ್ಲಿ, ಮುಚ್ಚುವ ಪ್ರಕ್ರಿಯೆಯ ಖರ್ಚು ಕಳೆದ ಮೇಲೆ, ಕಾರ್ಮಿಕರ ಕಡೆಯ 24 ತಿಂಗಳ ಬಾಕಿಯೂ ಅಡಮಾನವನ್ನು ಬಿಟ್ಟುಕೊಟ್ಟು ಬಂದ ಬ್ಯಾಂಕಿನ ಸಾಲವೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಆ ಎರಡೇ ಸೇರಿ 3 ಕೋಟಿ 10 ಲಕ್ಷ. ಅಲ್ಲಿಗೆ ದುಡ್ಡು ಮುಗಿಯಿತು. ಬಿದಿರು ಕಡ್ಡಿ ಕೊಟ್ಟವನಿಗೆ ಒಂದು ಕಾಸೂ ಇಲ್ಲ. ಷೇರುದಾರನಿಗೂ ಇಲ್ಲ, ನಿಜ. ಆದರೆ ಅವನು ಹಾಕಿದ ಬಂಡವಾಳ ಹೋಯಿತೇ ಹೊರತು ಅವನ ಮನೆಯನ್ನು ಯಾರೂ ಜಪ್ತಿ ಮಾಡುವುದಿಲ್ಲ. ‘ಲಿಮಿಟೆಡ್’ ಎಂಬ ಪದದ ಅರ್ಥವೇ ಅದು. ತಳದ ಕೆಳಗಿನ ನಷ್ಟವನ್ನು ಹೊತ್ತವನು ಕಡ್ಡಿ ಕೊಟ್ಟವನು, ಅವನಿಗೆ ಮತವಿಲ್ಲ.

ಎರಡನೆಯದು, ಎಲ್ಲ ಬಾಕಿಗಳೂ ಕಾಗದದ ಮೇಲೆ ಇರುವುದಿಲ್ಲ. ಬ್ಯಾಂಕಿಗೆ ಕರಾರುಪತ್ರವಿದೆ. ಕಾರ್ಖಾನೆಯ ನೀರು ಹರಿದು ಬಾವಿ ಕೆಟ್ಟ ಮನೆಯವರ ಬಳಿ ಯಾವ ಕರಾರುಪತ್ರವಿದೆ? ಇಪ್ಪತ್ತು ವರ್ಷ ಒಂದೇ ಯಂತ್ರದ ಮುಂದೆ ಕೂತು, ಬೇರೆಲ್ಲೂ ಬೆಲೆಯಿಲ್ಲದ ಕೆಲಸ ಕಲಿತವಳ ನಷ್ಟವನ್ನು ಯಾವ ಸಂಬಳದ ಚೀಟಿ ಬರೆದುಕೊಂಡಿದೆ? ಒಪ್ಪಂದ ಉಳಿದವರನ್ನು ಕಾಯುತ್ತದೆ ಎಂಬ ಮಾತು ಒಪ್ಪಂದ ಇರುವ ಕಡೆಗೆ ಮಾತ್ರ ಸಲ್ಲುತ್ತದೆ.

ಹಾಗಾದರೆ ನಿರ್ದೇಶಕರು ಉಳಿದವರಿಗಾಗಿ ಷೇರುದಾರರ ಲಾಭವನ್ನು ಬಿಟ್ಟುಕೊಡಬಹುದೇ? ಈ ಪ್ರಶ್ನೆಗೆ ಕಾನೂನು ಕಾಲೇಜುಗಳಲ್ಲಿ ಇಂದಿಗೂ ಪಾಠ ಮಾಡುವ ಒಂದು ಹಳೆಯ ಮೊಕದ್ದಮೆ ಅಮೆರಿಕದ ಮಿಷಿಗನ್ ರಾಜ್ಯದ್ದು.

1916ರಲ್ಲಿ ಫೋರ್ಡ್ ಮೋಟಾರ್ ಕಂಪನಿಯ ಬಳಿ ಸುಮಾರು 11 ಕೋಟಿ 20 ಲಕ್ಷ ಡಾಲರ್ ಮಿಗುತಾಯ ಕೂಡಿತ್ತು. ಹೆನ್ರಿ ಫೋರ್ಡ್ ಇನ್ನು ವಿಶೇಷ ಲಾಭಾಂಶ ಕೊಡುವುದಿಲ್ಲ ಎಂದುಬಿಟ್ಟರು. ಷೇರುದಾರರೆಲ್ಲರಿಗೂ ಸೇರಿ ವರ್ಷಕ್ಕೆ 12 ಲಕ್ಷ ಡಾಲರಿನ ಮಾಮೂಲಿ ಲಾಭಾಂಶ ಅಷ್ಟೇ. ಉಳಿದ ದುಡ್ಡು ರೂಜ್ ನದಿಯ ದಡದ ದೊಡ್ಡ ಕಾರ್ಖಾನೆಗೆ. ಜೊತೆಗೆ 440 ಡಾಲರ್ ಇದ್ದ ಕಾರಿನ ಬೆಲೆಯನ್ನು 360ಕ್ಕೆ ಇಳಿಸಿದರು. ಕಂಪನಿಯ ಶೇ 10ರಷ್ಟು ಷೇರು ಡಾಜ್ ಸಹೋದರರದು. ಅವರೂ ಆ ಹೊತ್ತಿಗೆ ಸ್ವಂತ ಕಾರು ತಯಾರಿಸುತ್ತಿದ್ದರು. ಫೋರ್ಡ್ ಲಾಭಾಂಶದ ದುಡ್ಡು ನಿಂತರೆ ಅವರಿಗೂ ಪೆಟ್ಟು. ಅವರು ಕೋರ್ಟಿಗೆ ಹೋದರು.

ಸಾಕ್ಷಿಕಟ್ಟೆಯಲ್ಲಿ ಫೋರ್ಡ್ ಧಾರಾಳಿಯ ಹಾಗೆ ಮಾತಾಡಿದರು: ಕಂಪನಿ ಬೇಕಾದಷ್ಟು ಲಾಭ ಮಾಡಿದೆ, ಇನ್ನು ಹೆಚ್ಚು ಜನರಿಗೆ ಕೆಲಸ ಸಿಗಲಿ, ಹೆಚ್ಚು ಜನರಿಗೆ ಕಾರು ಸಿಗಲಿ ಎಂಬ ಧಾಟಿಯಲ್ಲಿ. 1919ರಲ್ಲಿ ಮಿಷಿಗನ್ ಸುಪ್ರೀಂ ಕೋರ್ಟ್ ಹೇಳಿತು: ಷೇರುದಾರರ ಲಾಭವನ್ನು ನೆಪಮಾತ್ರಕ್ಕೆ ಇಳಿಸಿ, ಬೇರೆಯವರ ಉಪಕಾರವನ್ನೇ ಮುಖ್ಯ ಉದ್ದೇಶ ಮಾಡಿಕೊಂಡು ಕಂಪನಿ ನಡೆಸುವ ಅಧಿಕಾರ ನಿರ್ದೇಶಕರಿಗಿಲ್ಲ. ಸುಮಾರು 1 ಕೋಟಿ 93 ಲಕ್ಷ ಡಾಲರ್ ವಿಶೇಷ ಲಾಭಾಂಶ ಕೊಡಲು ಆದೇಶವಾಯಿತು.

ಪಾಠ ಇಲ್ಲಿಗೇ ಮುಗಿಯುತ್ತದೆ ಎಂದು ಅನೇಕರು ತಿಳಿಯುತ್ತಾರೆ. ಇಲ್ಲ. ಅದೇ ಕೋರ್ಟು ರೂಜ್ ಕಾರ್ಖಾನೆಯನ್ನು ತಡೆಯಲಿಲ್ಲ. ವ್ಯಾಪಾರ ಹೇಗೆ ಬೆಳೆಸಬೇಕೆಂಬುದು ನ್ಯಾಯಾಧೀಶರಿಗೆ ತಿಳಿದ ವಿಷಯವಲ್ಲ, ಅದು ನಿರ್ದೇಶಕರ ತೀರ್ಮಾನ ಎಂದು ಬಿಟ್ಟಿತು. ಫೋರ್ಡ್ ‘ಬೆಲೆ ಇಳಿಸಿದರೆ ಮಾರಾಟ ಹೆಚ್ಚಿ ಮುಂದೆ ಎಲ್ಲ ಷೇರುದಾರರಿಗೂ ಲಾಭ’ ಎಂದಷ್ಟೇ ಹೇಳಿದ್ದರೆ ಬಹುಶಃ ಪೂರ್ತಿ ಗೆಲ್ಲುತ್ತಿದ್ದರು. ಅವರ ಹೆಜ್ಜೆಗಿಂತ ಹೆಚ್ಚಾಗಿ, ಅದಕ್ಕೆ ಅವರೇ ಕೊಟ್ಟ ಕಾರಣ ಅವರನ್ನು ಸೋಲಿಸಿತು. ಅಂದರೆ ಷೇರುದಾರರೇ ಮೊದಲು ಎನ್ನುವ ಕಾನೂನಿನಲ್ಲೂ ಕೆಲಸಗಾರರಿಗೆ, ಗ್ರಾಹಕರಿಗೆ ಒಳ್ಳೆಯದು ಮಾಡಲು ಜಾಗ ಧಾರಾಳವಾಗಿದೆ. ಹಾಗೆ ಮಾಡುವುದು ನಿರ್ದೇಶಕರ ಇಷ್ಟವೇ ಹೊರತು ಕರ್ತವ್ಯವಲ್ಲ, ಅಷ್ಟೇ.

ನಮ್ಮ ದೇಶ ಅದನ್ನು ಕರ್ತವ್ಯವೆಂದೇ ಬರೆದಿದೆ. ಅದಕ್ಕೂ ಮೊದಲು, ಷೇರುದಾರ ‘ಮಾಲೀಕ’ ಎಂಬ ಮಾತನ್ನೇ ನಮ್ಮ ಸುಪ್ರೀಂ ಕೋರ್ಟ್ 1954ರಲ್ಲಿ ತೂಗಿ ನೋಡಿತ್ತು. ಬಾಚಾ ಗುಜ್ದಾರ್ ಎಂಬ ಮಹಿಳೆ ಚಹಾ ಕಂಪನಿಗಳ ಷೇರು ಹೊಂದಿದ್ದರು. ಚಹಾ ಕಂಪನಿಯ ಆದಾಯದಲ್ಲಿ ಶೇ 60 ಕೃಷಿ ಆದಾಯ, ಅದಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಹಾಗಾದರೆ ನನ್ನ ಲಾಭಾಂಶದಲ್ಲೂ ಶೇ 60ಕ್ಕೆ ತೆರಿಗೆ ಬೇಡ ಎಂಬುದು ಅವರ ವಾದ. ಕೋರ್ಟು ಒಪ್ಪಲಿಲ್ಲ. ತೋಟ ಕಂಪನಿಯದು, ಷೇರುದಾರನದಲ್ಲ; ಅವನಿಗಿರುವುದು ಲಾಭಾಂಶ ಘೋಷಿಸಿದಾಗ ಪಡೆಯುವ ಹಕ್ಕು, ಮುಚ್ಚಿದಾಗ ಉಳಿದದ್ದರಲ್ಲಿ ಪಾಲು. ನಮ್ಮ ಹುಡುಗರ ಉತ್ತರ ಅಲ್ಲೇ ಬಿದ್ದುಹೋಯಿತು. ಷೇರುದಾರ ಷೇರಿನ ಮಾಲೀಕ. ಕಂಪನಿ ಕಂಪನಿಯದೇ.

2013ರ ಕಂಪನಿಗಳ ಕಾಯ್ದೆಯ 166(2)ನೇ ಸೆಕ್ಷನ್ ಈ ದಾರಿಯಲ್ಲೇ ಮುಂದೆ ಹೋಗುತ್ತದೆ. ನಿರ್ದೇಶಕರು ಕಂಪನಿ, ಅದರ ನೌಕರರು, ಷೇರುದಾರರು, ಸಮುದಾಯ ಇವರ ಹಿತಕ್ಕಾಗಿ ಮತ್ತು ಪರಿಸರದ ರಕ್ಷಣೆಗಾಗಿ ಪ್ರಾಮಾಣಿಕವಾಗಿ ನಡೆದುಕೊಳ್ಳಬೇಕು. ಇದು ಸಿಎಸ್‌ಆರ್ ಅಲ್ಲ, ಗಮನಿಸಿ. ಸಿಎಸ್‌ಆರ್ 135ನೇ ಸೆಕ್ಷನ್ನಿನದು. ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಖರ್ಚು ಮಾಡುವ ನಿಯಮ. ತನ್ನ ನೌಕರರಿಗಷ್ಟೇ ಉಪಯೋಗವಾಗುವ ಕೆಲಸವನ್ನೂ ಬೇರೆ ಕಾನೂನಿನಂತೆ ಮಾಡಲೇಬೇಕಾದ ಕೆಲಸವನ್ನೂ ಸಿಎಸ್‌ಆರ್ ಲೆಕ್ಕಕ್ಕೆ ಸೇರಿಸುವಂತಿಲ್ಲ. ಕೆಡಿಸಿದ ನೀರನ್ನು ಶುದ್ಧ ಮಾಡುವುದು ಬಾಕಿ ತೀರಿಸುವುದು; ಶಾಲೆಗೆ ಬೆಂಚು ಕೊಡುವುದು ಬೇರೆ. ಲಾಭವನ್ನು ಹೇಗೆ ಗಳಿಸಿದಿರಿ ಎಂದು 166 ಕೇಳುತ್ತದೆ, ಗಳಿಸಿದ ಮೇಲೆ ಏನು ಕೊಟ್ಟಿರಿ ಎಂದು 135.

ಆದರೆ 166ಕ್ಕೆ ಒಂದು ದೊಡ್ಡ ಕೊರತೆಯಿದೆ. ನಿರ್ದೇಶಕರು ಕರ್ತವ್ಯ ಮರೆತರೆ ಕಂಪನಿ ನ್ಯಾಯಮಂಡಳಿಯ ಬಾಗಿಲು ತಟ್ಟುವ ಹಕ್ಕು ಮುಖ್ಯವಾಗಿ ಷೇರುದಾರರಿಗೆ, ಠೇವಣಿದಾರರಿಗೆ ಮತ್ತು ಸರ್ಕಾರಕ್ಕೆ ಸಿಕ್ಕಿದೆ. ಕೆಲಸಗಾರನೋ ಬಾವಿ ಕೆಟ್ಟ ಮನೆಯವನೋ ಕಾರ್ಮಿಕ ಕಾನೂನು, ಪರಿಸರ ಕಾನೂನುಗಳ ಬೇರೆ ಬಾಗಿಲಿಗೇ ಹೋಗಬೇಕು. ಪಟ್ಟಿಯಲ್ಲಿ ಹೆಸರು ಎಲ್ಲರದೂ ಇದೆ, ಬೀಗದ ಕೈ ಕೆಲವರ ಬಳಿ ಮಾತ್ರ. ಜೊತೆಗೆ, ಎಲ್ಲರಿಗೂ ಉತ್ತರ ಹೇಳಬೇಕಾದ ನಿರ್ದೇಶಕ ‘ನೌಕರರಿಗಾಗಿ ಹೀಗೆ ಮಾಡಿದೆ’, ‘ಪರಿಸರಕ್ಕಾಗಿ ಹಾಗೆ ಮಾಡಿದೆ’ ಎಂದು ಯಾರಿಗೂ ಉತ್ತರ ಹೇಳದೆ ಜಾರಿಕೊಳ್ಳಲೂಬಹುದು. ಹಿತಾಸಕ್ತರ ಪರ ವಾದದ ದುರ್ಬಲ ಜಾಗ ಇದೇ.

ಹಾಗಿದ್ದರೆ ಕಂಪನಿ ತನ್ನ ಬಾಕಿ ತೀರಿಸುತ್ತಿದೆಯೇ ಎಂದು ನಾವು ತಿಳಿಯುವುದು ಹೇಗೆ? ಷೇರು ಮಾರುಕಟ್ಟೆಯಲ್ಲಿರುವ ಅತಿ ದೊಡ್ಡ 1000 ಕಂಪನಿಗಳು 2022-23ರಿಂದ ಬಿಆರ್‌ಎಸ್‌ಆರ್ ಎಂಬ ವರದಿಯನ್ನು ಸೆಬಿ ಹಾಕಿಕೊಟ್ಟ ನಮೂನೆಯಲ್ಲಿ ಕೊಡಲೇಬೇಕು. ವಾರ್ಷಿಕ ವರದಿಯ ಜೊತೆಗೇ ಅದು ಇರುತ್ತದೆ, ಯಾರು ಬೇಕಾದರೂ ಓದಬಹುದು. ಗಿಡ ನೆಡುವ ಫೋಟೋಗಳ ಪುಟ ದಾಟಿ ಅದರ ಮೊದಲ ಭಾಗದಲ್ಲಿರುವ ದೂರುಗಳ ಕೋಷ್ಟಕಕ್ಕೆ ಹೋಗಿ. ಸಮುದಾಯ, ಷೇರುದಾರರು, ನೌಕರರು, ಗ್ರಾಹಕರು, ಮಾಲು ಪೂರೈಸುವವರು, ಒಬ್ಬೊಬ್ಬರಿಗೂ ಒಂದೊಂದು ಸಾಲು. ವರ್ಷದಲ್ಲಿ ಬಂದ ದೂರು ಎಷ್ಟು, ವರ್ಷದ ಕೊನೆಗೆ ಬಾಕಿ ಉಳಿದದ್ದು ಎಷ್ಟು ಎಂದು ಎದುರಿಗೇ ಬರೆದಿರಬೇಕು. ಸಾವಿರಾರು ಕೆಲಸಗಾರರಿರುವ ಕಂಪನಿಯ ಆ ಸಾಲುಗಳಲ್ಲೆಲ್ಲ ಸೊನ್ನೆಯೇ ಕಂಡರೆ ಅದನ್ನು ಒಳ್ಳೆಯ ಸುದ್ದಿ ಎಂದು ತಕ್ಷಣ ನಂಬಬೇಡಿ. ದೂರು ಹೇಳಿಕೊಳ್ಳಲು ಅಲ್ಲಿ ಬಾಗಿಲು ಇದೆಯೇ ಎಂದು ಪಕ್ಕದ ಕಾಲಂ ನೋಡಿ. ನಿಮ್ಮ ಮನೆಯಲ್ಲಿ ಯಾರಾದರೂ ಷೇರು ಕೊಂಡಿದ್ದರೆ ಈ ವರ್ಷದ ವರದಿಯಲ್ಲಿ ಆ ಒಂದು ಪುಟವನ್ನಾದರೂ ಓದಿ.