ಪಕ್ಕೆಯಿಂದ ತೊಡೆ ಸಂದಿಗೆ ಇಳಿಯುವ ನೋವು

ನಮ್ಮ ಓಣಿಯ ದೊಡ್ಡಕ್ಕ ಮೆಣಸಿನಕಾಯಿ ಬಿಡಿಸುವ ಕೂಲಿಗೆ ಹೋಗುತ್ತಾಳೆ. ಹೊಲದಲ್ಲಿ ಒಂದಕ್ಕೆ ಹೋಗಲು ಮರೆ ಇಲ್ಲ. ಅದಕ್ಕೇ ಅವಳು ಬಿಸಿಲಲ್ಲೂ ನೀರು ಕುಡಿಯುತ್ತಿರಲಿಲ್ಲ.

ಒಂದು ರಾತ್ರಿ ಅವಳಿಗೆ ನೋವು ಬಂತು. ಎಡಗಡೆ ಪಕ್ಕೆಲುಬಿನ ಕೆಳಗೆ, ಬೆನ್ನಿನ ಕಡೆ ಶುರುವಾಯಿತು. ಹೊಟ್ಟೆಯ ಬದಿಗೆ ಬಂತು. ಅಲ್ಲಿಂದ ತೊಡೆ ಸಂದಿಗೆ ಇಳಿಯಿತು. ಸ್ವಲ್ಪ ತಗ್ಗುವುದು, ಮತ್ತೆ ಏರುವುದು. ಎರಡು ಸಲ ವಾಂತಿಯೂ ಆಯಿತು.

"ನಡ ಉಳುಕೈತಿ. ಎಣ್ಣೆ ಹಚ್ಕೊಂಡು ಸುಮ್ನೆ ಮಲಕ್ಕೊ" ಎಂದರು ಅತ್ತೆ.

"ಮಲಗಾಕ ಆಗವಲ್ದು ಅತ್ತೀ" ಎಂದು ದೊಡ್ಡಕ್ಕ ಹೊರಳಾಡಿದಳು.

ಇದನ್ನು ನಾವು ಗಮನಿಸಬೇಕು. ನಡ ಉಳುಕಿದರೆ ಅಲುಗಾಡದೆ ಮಲಗಿದಾಗ ನೋವು ತಗ್ಗುತ್ತದೆ. ಕಲ್ಲಿನ ನೋವು ಕೂತರೂ ತಗ್ಗದು, ಮಲಗಿದರೂ ತಗ್ಗದು.

ಬೆಳಿಗ್ಗೆ ಮೂತ್ರ ಕೆಂಪಗೆ ಬಂತು. ನಾವು ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರಮ್ಮ ಮೊದಲು ಮುಟ್ಟಿನ ದಿನ ಕೇಳಿದರು. ಗರ್ಭ ತನ್ನ ಚೀಲದ ಹೊರಗೆ ನಿಂತರೂ ಒಂದು ಬದಿ ನೋವು ಬರಬಹುದು. ಅದು ಜೀವಕ್ಕೇ ಅಪಾಯ. ಆದ್ದರಿಂದ ಮುಟ್ಟು ನಿಂತಿದ್ದರೆ ನಾಚದೆ ಹೇಳಬೇಕು.

ಸ್ಕ್ಯಾನಿಂಗ್‌ನಲ್ಲಿ 4 ಮಿಲಿಮೀಟರ್ ಕಲ್ಲು ಕಂಡಿತು. ತೊಗರಿ ಕಾಳಿಗಿಂತ ಸಣ್ಣದು! ಕಿಡ್ನಿಯಿಂದ ಮೂತ್ರದ ಚೀಲಕ್ಕೆ ಒಂದು ಸಣ್ಣ ನಾಳ ಇದೆ. ಕಲ್ಲು ಅದರಲ್ಲಿ ಸಿಕ್ಕಿತ್ತು. ಮೂತ್ರ ಹಿಂದೆ ಕಟ್ಟಿಕೊಂಡು ಕಿಡ್ನಿ ಉಬ್ಬುತ್ತದೆ. ಅದಕ್ಕೇ ಅಷ್ಟು ನೋವು.

"ಇಷ್ಟು ಸಣ್ಣ ಕಲ್ಲು ಸಾಮಾನ್ಯವಾಗಿ ತಾನೇ ಬೀಳುತ್ತದೆ. ಆದರೆ ಜ್ವರ ಬಂದರೆ ಆಗಲೇ ಬನ್ನಿ" ಎಂದರು ಡಾಕ್ಟರಮ್ಮ. ನೋವಿಗೆ ಮದ್ದು ಕೊಟ್ಟರು.

ಮೂರನೇ ದಿನ ನೋವು ತಗ್ಗಿತು. ಆದರೆ ಸಂಜೆ ಗಡಗಡ ನಡುಕ ಬಂತು, ಜ್ವರ ಏರಿತು. "ಬಾಳೆದಿಂಡಿನ ರಸ ಕುಡಿಸ್ರಿ, ನಾಳೆ ನೋಡೋಣ" ಎಂದರು ಕೆಲವರು. ನಾವು ಕಾಯಲಿಲ್ಲ. 108ಕ್ಕೆ ಫೋನ್ ಮಾಡಿದೆವು.

ಕಟ್ಟಿಕೊಂಡ ಮೂತ್ರದಲ್ಲಿ ಕೀವು ಆಗಿತ್ತು. ಅದರ ನಂಜು ರಕ್ತಕ್ಕೆ ಸೇರಿದರೆ ಜೀವ ಹೋಗಬಹುದು. ಯಾವ ರಸವೂ ಈ ಕಟ್ಟನ್ನು ಬಿಡಿಸದು, ಬರೀ ಮಾತ್ರೆಯೂ ಸಾಲದು. ಜಿಲ್ಲಾ ಆಸ್ಪತ್ರೆಯಲ್ಲಿ ಅದೇ ರಾತ್ರಿ ಸಣ್ಣ ನಳಿಕೆ ಇಟ್ಟು ಮೂತ್ರ ಹರಿಸಿದರು. ನಂಜಿಗೆ ಮದ್ದು ಕೊಟ್ಟರು. ಜ್ವರ ಪೂರ್ತಿ ಇಳಿದ ಮೇಲೆ, ಕೆಲವು ವಾರ ಬಿಟ್ಟು ಕಲ್ಲು ತೆಗೆದರು.

ಈಗ ದೊಡ್ಡಕ್ಕ ಹೊಲಕ್ಕೆ ನೀರಿನ ಬಾಟಲಿ ಒಯ್ಯುತ್ತಾಳೆ. ಮೂತ್ರ ತಿಳಿಯಾಗಿ ಬರುವಷ್ಟು ನೀರು ಕುಡಿಯುತ್ತಾಳೆ. ಮರೆಗೆ ನಾವೇ ಸೀರೆ ಹಿಡಿಯುತ್ತೇವೆ.

ಪಕ್ಕೆ ನೋವಿನ ಜೊತೆ ಇವು ಇದ್ದರೆ ತಡ ಮಾಡಬಾರದು:

- ನಡುಕ, ಜ್ವರ
- ಮೂತ್ರ ಬರದೇ ಇರುವುದು
- ನೀರೂ ನಿಲ್ಲದಷ್ಟು ವಾಂತಿ
- ಮದ್ದಿಗೂ ಬಗ್ಗದ ನೋವು
- ಬಸಿರು, ಅಥವಾ ಮುಟ್ಟು ನಿಂತಿರುವುದು

ಹೇಳಿ ನೋಡೋಣ

1. ಉಳುಕಿದ ನೋವಿಗೂ ಕಲ್ಲಿನ ನೋವಿಗೂ ಏನು ವ್ಯತ್ಯಾಸ?
2. ನೋವು ತಗ್ಗಿದ್ದರೂ ದೊಡ್ಡಕ್ಕನನ್ನು ಆಸ್ಪತ್ರೆಗೆ ಒಯ್ದದ್ದು ಏಕೆ?